ಅಪ್ಪನ ಹೆಬ್ಬೆಟ್ಟು ಮತ್ತು ಒಂದು ಪರ್ಸೆಂಟ್ ಬಡ್ಡಿ

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಅರಸೀಕೆರೆಯ ನಮ್ಮ ಹಾರ್ಡ್‌ವೇರ್ ಅಂಗಡಿಯ ಬಾಗಿಲು ತೆಗೆದೆವು. ಅಪ್ಪನಿಗೆ ಪಾರ್ಶ್ವವಾಯು ಆದಾಗಿನಿಂದ ಅಂಗಡಿ ಮುಚ್ಚಿತ್ತು. ವ್ಯಾಪಾರ ಇಲ್ಲದಿದ್ದರೂ ತಕ್ಕಡಿಗೆ ಒಂದು ಹೂವಾದರೂ ಇಡಬೇಕು ಅಂತ ಅಮ್ಮನ ಹಟ. ಧೂಳು ಹೊಡೆಯುತ್ತಾ ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆದರೆ, ಪೇಂಟ್ ಕಂಪನಿಯ ಕ್ಯಾಲೆಂಡರ್ ಅಡಿಯಲ್ಲಿ ಒಂದು ಕಂದು ಕವರ್ ಸಿಕ್ಕಿತು. ಒಳಗಿದ್ದದ್ದು ಆದಾಯ ತೆರಿಗೆಯ ಡಿಮ್ಯಾಂಡ್ ನೋಟಿಸ್. ತಾರೀಕು 2022ರ ಡಿಸೆಂಬರ್ 2. ಮೊತ್ತ 3,52,350 ರೂಪಾಯಿ. ಮೂವತ್ತು ದಿನದೊಳಗೆ ಕಟ್ಟಬೇಕು ಅಂತ ಇತ್ತು.

ನೋಟಿಸಿನ ಮೇಲ್ಭಾಗದಲ್ಲಿ ಅಪ್ಪನ ಕೈಬರಹ: "ಮದುವೆ ಮುಗಿದ ಮೇಲೆ ಕಟ್ಟೋದು. ಹುಡುಗನಿಗೆ ಹೇಳೋದು ಬೇಡ."

ಆ ಹುಡುಗ ನಾನು. ನನ್ನ ಮದುವೆ ಆಗಿದ್ದು 2023ರ ಜನವರಿ ಕೊನೆಯ ವಾರ. ಫೆಬ್ರುವರಿ 11ರ ಬೆಳಿಗ್ಗೆ ಅಪ್ಪ ಬಚ್ಚಲಲ್ಲಿ ಕುಸಿದರು. ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಅವರ ಜೊತೆ ಈ ನೋಟಿಸಿನ ವಿಷಯವೂ ಮೌನವಾಗಿಬಿಟ್ಟಿತ್ತು.

ಅವತ್ತು ರಾತ್ರಿಯೇ ಅಪ್ಪನ ಫೋನಿಗೆ ಬರುವ ಒಟಿಪಿ ಹಾಕಿ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಲಾಗಿನ್ ಆದೆ. "Pending Actions" ಒಳಗೆ "Response to Outstanding Demand" ಅಂತ ಒಂದು ಜಾಗ ಇದೆ. ನೋಟಿಸ್ ಅಲ್ಲಿ ತಣ್ಣಗೆ ಕೂತಿತ್ತು, ಪಕ್ಕದಲ್ಲಿ ಬೆಳೆಯುತ್ತಿದ್ದ ಬಡ್ಡಿಯ ಜೊತೆ. ಅಪ್ಪ 2020ರ ಕೊನೆಯಲ್ಲಿ ಒಂದು ಸೈಟ್ ಮಾರಿದ್ದರು. ಅದಕ್ಕೆ ಕಾಂಪೌಂಡ್ ಕಟ್ಟಿಸಿದ, ಬೋರ್‌ವೆಲ್ ಕೊರೆಸಿದ ಖರ್ಚನ್ನು ಲೆಕ್ಕದಲ್ಲಿ ಕಳೆದಿದ್ದರು. ಬಿಲ್ಲುಗಳು ಇರಲಿಲ್ಲವಾದ್ದರಿಂದ ಇಲಾಖೆ ಆ ಖರ್ಚನ್ನು ಒಪ್ಪಲಿಲ್ಲ. ಆ ತೆರಿಗೆಯೇ ಇದು. ನ್ಯಾಯವಾಗಿ ಕೊಡಬೇಕಾದದ್ದೇ.

ಅಕ್ಟೋಬರ್ 28ಕ್ಕೆ ಪೂರ್ತಿ ಕಟ್ಟಿದೆ. 1,90,000 ನನ್ನ ಎಫ್‌ಡಿ ಮುರಿದದ್ದು, ಉಳಿದ 1,62,350 ಹೆಂಡತಿಯ ಬಳೆ ಮೇಲೆ ತೆಗೆದ ಚಿನ್ನದ ಸಾಲ. ಮದುವೆಗೆ ಅಪ್ಪನೇ ಮಾಡಿಸಿದ್ದ ಬಳೆ ಅವು. ಕಟ್ಟಿ ಮುಗಿಸಿ ಉಸಿರು ಬಿಡುವ ಹೊತ್ತಿಗೆ ಉಳಿದದ್ದು ಬಡ್ಡಿ: 77,506 ರೂಪಾಯಿ.

ಮನೆಯಲ್ಲಿ ಅದನ್ನು 'ದಂಡ' ಅಂತಲೇ ಕರೆಯುತ್ತಿದ್ದೆವು. ಕಾನೂನಿನಲ್ಲಿ ದಂಡ ಬೇರೆ, ಇದು ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 220(2) ಕಲಂ ಪ್ರಕಾರ, ಡಿಮ್ಯಾಂಡ್ ನೋಟಿಸ್ ಕೊಟ್ಟ ಮೂವತ್ತು ದಿನದೊಳಗೆ ಕಟ್ಟದಿದ್ದರೆ ಆಮೇಲೆ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ. ತಿಂಗಳಿನ ಒಂದು ದಿನ ಬಿದ್ದರೂ ಪೂರ್ತಿ ತಿಂಗಳು ಅಂತ ಲೆಕ್ಕ. ನೂರರ ಕೆಳಗಿನ ಚಿಲ್ಲರೆ ಬಿಟ್ಟು 3,52,300ಕ್ಕೆ ಒಂದು ಪರ್ಸೆಂಟ್ ಅಂದರೆ 3,523. ಜನವರಿ 2ರಿಂದ ಎಣಿಸಿದರೆ ಇಪ್ಪತ್ತೆರಡು ತಿಂಗಳು. ಗುಣಿಸಿದರೆ ಅದೇ 77,506.

ಅಪ್ಪನ ಲೆಕ್ಕಪತ್ರ ನೋಡುತ್ತಿದ್ದ ಆಡಿಟರ್ ಅಂಕಲ್ 2023ರ ಜನವರಿಯಲ್ಲಿ ಆಫೀಸು ಮುಚ್ಚಿ ಮೈಸೂರಿಗೆ, ಮಗಳ ಮನೆಗೆ ಹೋಗಿಬಿಟ್ಟಿದ್ದರು. ಪೋರ್ಟಲ್‌ನಲ್ಲಿ ಇದ್ದದ್ದು ಅವರ ಆಫೀಸಿನ ಇಮೇಲ್. ಜ್ಞಾಪನೆಗಳೆಲ್ಲ ಹೋಗಿದ್ದು ಅಲ್ಲಿಗೆ, ಯಾರೂ ತೆರೆಯದ ಪೆಟ್ಟಿಗೆಗೆ. ಫೋನ್ ಮಾಡಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಿಮ್ಮಪ್ಪ ಕಟ್ಟಿರ್ತಾರೆ ಅಂತಲೇ ಅಂದ್ಕೊಂಡಿದ್ದೆ ಕಣಪ್ಪ," ಅಂದರು. ಆಮೇಲೆ, "ಮನ್ನಾಕ್ಕೆ ಅರ್ಜಿ ಹಾಕೋಣ. ದಾರಿ ಇದೆ. ನೀನು ಒಂದು ಡ್ರಾಫ್ಟ್ ಬರೆದು ಕಳಿಸು," ಅಂದರು.

ನಾಲ್ಕು ಪುಟ ಬರೆದೆ. ಅಪ್ಪ ಎಷ್ಟು ಪ್ರಾಮಾಣಿಕರು, ಮೂವತ್ತು ವರ್ಷ ತಪ್ಪದೆ ತೆರಿಗೆ ಕಟ್ಟಿದವರು, ಆಸ್ಪತ್ರೆಯಲ್ಲಿ ನಾವು ಪಟ್ಟ ಪಾಡೇನು, ಅಮ್ಮ ಎಷ್ಟು ಅತ್ತರು. ಕೊನೆಯಲ್ಲಿ 'ದಯವಿಟ್ಟು ಎಲ್ಲ ಬಡ್ಡಿ ಮನ್ನಾ ಮಾಡಿ' ಅಂತ ಕೈಮುಗಿದಿದ್ದೆ. ಓದಿದರೆ ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು.

ಆ ಭಾನುವಾರ ಮೈಸೂರಿಗೆ ಹೋದೆ. ಅಂಕಲ್ ನನ್ನ ನಾಲ್ಕು ಪುಟವನ್ನು ಓದಿ ಮಡಚಿ ಪಕ್ಕಕ್ಕಿಟ್ಟರು. "ಇದನ್ನ ಓದೋರು ದೇವರಲ್ಲಪ್ಪ, ಅಧಿಕಾರಿ. ಅವರಿಗೆ ಕರುಣೆ ಇದ್ರೂ ಆರ್ಡರ್‌ನಲ್ಲಿ ಕರುಣೆ ಅಂತ ಬರೆಯೋಕಾಗಲ್ಲ. ಕಾನೂನು ಮೂರು ಪ್ರಶ್ನೆ ಕೇಳುತ್ತೆ. ಮೂರಕ್ಕೂ ಉತ್ತರ, ಉತ್ತರಕ್ಕೆ ಕಾಗದ. ಅಷ್ಟೇ."

ಆ ಮೂರು ಪ್ರಶ್ನೆ 220(2A) ಕಲಂನಲ್ಲಿವೆ. ಒಂದು, ಈ ಬಡ್ಡಿ ಕಟ್ಟುವುದರಿಂದ ನೈಜ ಸಂಕಷ್ಟ ಆಗಿದೆಯೇ, ಅಥವಾ ಆಗುತ್ತದೆಯೇ? ಎರಡು, ತೆರಿಗೆ ಕಟ್ಟದೆ ಉಳಿದದ್ದು ನಿಮ್ಮ ಕೈಮೀರಿದ ಕಾರಣದಿಂದಲೇ? ಮೂರು, ತೆರಿಗೆ ನಿರ್ಧರಿಸುವ ವಿಚಾರಣೆಯಲ್ಲೋ ವಸೂಲಿಯಲ್ಲೋ ನೀವು ಇಲಾಖೆಗೆ ಸಹಕಾರ ಕೊಟ್ಟಿದ್ದೀರಾ? ಮೂರರಲ್ಲಿ ಎರಡಕ್ಕೆ ಹೌದು ಅಂದರೆ ಸಾಲದು. ಮೂರೂ ಇರಬೇಕು. ಇದ್ದರೆ ಅಧಿಕಾರಿ ಬಡ್ಡಿಯನ್ನು ಪೂರ್ತಿ ಮನ್ನಾ ಮಾಡಬಹುದು, ಇಲ್ಲವೇ ಕಡಿಮೆ ಮಾಡಬಹುದು.

ಮೊದಲೆರಡು ಪ್ರಶ್ನೆ ಒಂದೇ ಅಂತ ನಾನು ತಿಳಿದಿದ್ದೆ. ಅಪ್ಪನಿಗೆ ಹುಷಾರಿಲ್ಲ, ಹಾಗಾಗಿ ಕಷ್ಟ, ಹಾಗಾಗಿ ಕಟ್ಟಲಿಲ್ಲ ಅಂತ. ಅಂಕಲ್ ಬಿಡಿಸಿ ಹೇಳಿದರು. ಎರಡನೇ ಪ್ರಶ್ನೆ ಹಿಂದಿನದು: ಅವತ್ತು ತೆರಿಗೆ ಯಾಕೆ ಕಟ್ಟಲಿಲ್ಲ? ಮೊದಲನೆಯದು ಇವತ್ತಿನದು: ಈ 77 ಸಾವಿರ ಕೊಟ್ಟರೆ ಮನೆ ಹೇಗೆ ನಡೆಯುತ್ತೆ? ಆಸ್ಪತ್ರೆಯ ಕಾಗದ ಎರಡನೆಯದಕ್ಕೆ ಉತ್ತರ. ಪಾಸ್‌ಬುಕ್ ಮೊದಲನೆಯದಕ್ಕೆ. ನನ್ನ ಡ್ರಾಫ್ಟಿನಲ್ಲಿ ಒಂದೂ ಪಾಸ್‌ಬುಕ್ ಪುಟ ಇರಲಿಲ್ಲ.

ಇನ್ನೊಂದು ತಪ್ಪನ್ನೂ ತೋರಿಸಿದರು. ಆ 3,52,350ರ ಒಳಗೇ ಇನ್ನೊಂದು ಬಡ್ಡಿ ಕೂತಿತ್ತು, ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದಕ್ಕೆ 234ಬಿ ಕಲಂ ಪ್ರಕಾರ ಹಾಕಿದ್ದು. ನಾನು 'ಎಲ್ಲ ಬಡ್ಡಿ' ಅಂತ ಅದನ್ನೂ ಸೇರಿಸಿ ಕೇಳಿದ್ದೆ. "ಅದು ಬೇರೆ ಬಾಗಿಲು. ಅದಕ್ಕೆ ನಿಯಮ ಬೇರೆ, ಒಪ್ಪೋ ಕಾರಣಗಳೂ ಬೇರೆ. ಎರಡನ್ನೂ ಒಂದೇ ಅರ್ಜೀಲಿ ಬೆರೆಸಿದ್ರೆ ಇದೂ ಕೆಡುತ್ತೆ," ಅಂದರು. ಅದನ್ನು ತೆಗೆದೆ.

ಆಮೇಲೆ ನೋಟಿಸಿನ ಮೇಲಿದ್ದ ಅಪ್ಪನ ಬರಹದ ವಿಷಯ ಬಂತು.

ನನ್ನ ಯೋಚನೆ ಬೇರೆಯೇ ಇತ್ತು. ಪೋರ್ಟಲ್‌ನಿಂದ ನೋಟಿಸಿನ ಹೊಸ ಪ್ರತಿ ತೆಗೆದು ಲಗತ್ತಿಸಿದರೆ ಬರಹ ಯಾರಿಗೂ ಕಾಣುವುದಿಲ್ಲ. ನೋಟಿಸ್ ಬಂದದ್ದೇ ಅಪ್ಪನಿಗೆ ಗೊತ್ತಿರಲಿಲ್ಲ, ಇಮೇಲ್ ಆಡಿಟರದ್ದು ಅಂತ ಬರೆದರೆ ಇಪ್ಪತ್ತೆರಡು ತಿಂಗಳಿಗೂ ಒಂದೇ ಕಾರಣ ಸಿಗುತ್ತದೆ. ಬೆಂಗಳೂರಿನಿಂದ ಬರುವ ದಾರಿಯುದ್ದಕ್ಕೂ ಇದನ್ನೇ ಜೋಡಿಸಿಕೊಂಡು ಬಂದಿದ್ದೆ.

ಅಂಕಲ್ ಕನ್ನಡಕ ತೆಗೆದರು. "ಡಿಸೆಂಬರ್‌ನಲ್ಲಿ ಪ್ರಿಂಟ್ ತೆಗೆದು ನಿಮ್ಮಪ್ಪನ ಕೈಗೆ ಕೊಟ್ಟೋನು ನಾನು. ನನ್ನ ಹತ್ರ ಸುಳ್ಳು ಹೇಳಿಸ್ತೀಯಾ?" ನಾನು ತಲೆ ತಗ್ಗಿಸಿದೆ. ಅವರು ದನಿ ಇಳಿಸಿ 2008ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಹೇಳಿದರು. ಬಿ.ಎಂ. ಮಲಾನಿ ಎಂಬುವರ ಪ್ರಕರಣ. 'ನೈಜ ಸಂಕಷ್ಟ' ಅಂದರೆ ತೋರಿಕೆಯದ್ದಲ್ಲದ, ನಿಜವಾದ ಕಷ್ಟ. ಜೊತೆಗೆ, ತನ್ನದೇ ತಪ್ಪಿನಿಂದ ಯಾರೂ ಲಾಭ ಪಡೆಯುವಂತಿಲ್ಲ ಎನ್ನುವುದನ್ನೂ ನೆನಪಿಡಬೇಕು ಅಂತ ಅದರಲ್ಲಿ ಹೇಳಿದೆಯಂತೆ.

"ಮದುವೆ ಖರ್ಚು ಕೈಮೀರಿದ್ದಲ್ಲ. ನಿಮ್ಮಪ್ಪ ಆಯ್ಕೆ ಮಾಡಿದ್ದು. ಆ ಎರಡು ತಿಂಗಳ ಬಡ್ಡಿ ನಿಮ್ಮದೇ, ಅದನ್ನ ಕಟ್ಟಿಬಿಡಿ. ಉಳಿದ ಇಪ್ಪತ್ತು ತಿಂಗಳು ಕೇಳೋಣ. ಪೂರ್ತಿ ಕೇಳೋನ ಮೇಲೆ ಅನುಮಾನ ಜಾಸ್ತಿ ಕಣೋ. ಇಷ್ಟು ನನ್ನದು, ಇಷ್ಟು ನನ್ನದಲ್ಲ ಅಂತ ತಾನೇ ಗೆರೆ ಎಳೆದೋನ ಮಾತನ್ನ ಅಧಿಕಾರಿ ಒಂದು ಸಲ ನಿಂತು ಓದ್ತಾರೆ."

ಮೊದಲ ತಿಂಗಳು ಜನವರಿ 2ರಿಂದ, ಎರಡನೆಯದು ಫೆಬ್ರುವರಿ 2ರಿಂದ. ಅಪ್ಪ ಬಿದ್ದದ್ದು ಎರಡನೇ ತಿಂಗಳ ನಡುವೆ. ಆ ತಿಂಗಳನ್ನೂ ನಮ್ಮ ಲೆಕ್ಕಕ್ಕೇ ಹಾಕಿಕೊಂಡೆವು. 7,046 ರೂಪಾಯಿ ಕಟ್ಟಿದೆ. ಉಳಿದದ್ದು 70,460.

ನಮ್ಮ ಕೆಲಸದಲ್ಲಿ ಸರ್ವರ್ ಕೆಟ್ಟು ನಿಂತರೆ ಆಮೇಲೆ ಒಂದು ವರದಿ ಬರೆಯಬೇಕು. ಯಾವ ಹೊತ್ತಿಗೆ ಏನಾಯಿತು, ಅದಕ್ಕೆ ಪುರಾವೆ ಏನು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಎಷ್ಟು ಹೊತ್ತಿನಲ್ಲಿ ಸರಿಮಾಡಿದೆವು. ಅದರಲ್ಲಿ ಅಳುವುದಕ್ಕೆ ಜಾಗ ಇರುವುದಿಲ್ಲ. ಅರ್ಜಿಯನ್ನೂ ಹಾಗೇ ಬರೆದೆ. ನಾಲ್ಕು ಪುಟ ಹೋಗಿ ಒಂದೂವರೆ ಪುಟ ಆಯಿತು. ಇಂಗ್ಲಿಷಿನಲ್ಲಿ ಬರೆದ ಅರ್ಜಿಯ ಮುಖ್ಯ ಭಾಗ ಕನ್ನಡದಲ್ಲಿ ಹೀಗಿದೆ:

"ನೋಟಿಸ್ 2022ರ ಡಿಸೆಂಬರ್‌ನಲ್ಲಿ ನನ್ನ ಕೈಸೇರಿತು. ಮಗನ ಮದುವೆಯ ಖರ್ಚಿನಿಂದ ಗಡುವಿನೊಳಗೆ ಕಟ್ಟಲಿಲ್ಲ; ಆ ಅವಧಿಯ ಎರಡು ತಿಂಗಳ ಬಡ್ಡಿ ಕಟ್ಟಿದ್ದೇನೆ, ಅದಕ್ಕೆ ಮನ್ನಾ ಕೇಳುತ್ತಿಲ್ಲ. 11-2-2023ರಂದು ಪಾರ್ಶ್ವವಾಯುವಿನಿಂದ ಮಾತು ಮತ್ತು ಬಲಗೈ ಕಳೆದುಕೊಂಡೆ. ನೋಟಿಸಿನ ವಿಷಯ ಮನೆಯವರಿಗೆ ಗೊತ್ತಿರಲಿಲ್ಲ, ತಿಳಿಸುವ ಶಕ್ತಿ ನನಗಿರಲಿಲ್ಲ. 10-10-2024ರಂದು ಮಗನಿಗೆ ನೋಟಿಸ್ ಸಿಕ್ಕಿತು; ಹದಿನೆಂಟು ದಿನದಲ್ಲಿ ಪೂರ್ತಿ ತೆರಿಗೆ ಕಟ್ಟಲಾಗಿದೆ. ತೆರಿಗೆಯ ವಿರುದ್ಧ ಮೇಲ್ಮನವಿ ಹಾಕಿಲ್ಲ. ವಿಚಾರಣೆಯ ವೇಳೆ ಬಂದ ಎಲ್ಲ ಪತ್ರಗಳಿಗೂ ಗಡುವಿನೊಳಗೆ ಉತ್ತರ ಕೊಟ್ಟಿದ್ದೇನೆ."

ಪ್ರತಿ ವಾಕ್ಯದ ಪಕ್ಕ ಒಂದು ಲಗತ್ತಿನ ಸಂಖ್ಯೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇತ್ತು. ಆದರೆ ಅದು ರೋಗ ಏನು ಅಂತ ಹೇಳುತ್ತದೆ, ರೋಗಿ ವ್ಯವಹಾರ ನೋಡಬಲ್ಲರೇ ಅಂತ ಹೇಳುವುದಿಲ್ಲ. ಅದಕ್ಕೆ ನರರೋಗ ತಜ್ಞರಿಂದ ಬೇರೆ ಪತ್ರ ಬೇಕಾಯಿತು: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇವರಿಗೆ ಮಾತಾಡಲು, ಬರೆಯಲು, ಸಹಿ ಹಾಕಲು ಆಗುತ್ತಿರಲಿಲ್ಲ ಎಂದು. ಅಂಗಡಿಯ ಜಿಎಸ್‌ಟಿ ನೋಂದಣಿ ರದ್ದಾದ ಆದೇಶ, ತೆರಿಗೆ ಕಟ್ಟಿದ ಚಲನ್, ವಿಚಾರಣೆಗೆ ಉತ್ತರಿಸಿದ ಸ್ವೀಕೃತಿಗಳು, ಎರಡು ವರ್ಷದ ಪಾಸ್‌ಬುಕ್.

ಸಂಕಷ್ಟದ ಭಾಗದಲ್ಲಿ ಮತ್ತೆ ನನ್ನ ಕೈ ನಿಂತಿತು. ಅಪ್ಪನ ಆದಾಯ ಅಂದರೆ ಮಹಡಿ ಮನೆಯ ಬಾಡಿಗೆ 7,500. ಔಷಧಿ, ಫಿಸಿಯೋಥೆರಪಿ, ನೋಡಿಕೊಳ್ಳುವವರ ಸಂಬಳ ಸೇರಿ ತಿಂಗಳಿಗೆ 16,000 ಹತ್ತಿರ. ಇಷ್ಟೇ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತೆರಿಗೆ ಬಾಕಿ ಇದ್ದದ್ದು ಅಪ್ಪನ ಹೆಸರಲ್ಲಿ, ನನ್ನ ಸಂಬಳ ಯಾಕೆ ಬರಬೇಕು ಅಂತ ಕೇಳಿದೆ. "ತೆರಿಗೆ ಯಾರ ಖಾತೆಯಿಂದ ಹೋಯ್ತು?" ಅಂದರು ಅಂಕಲ್. ನನ್ನದರಿಂದ. "ಹಾಗಾದ್ರೆ ಅವರು ಕೇಳೇ ಕೇಳ್ತಾರೆ. ಕೇಳೋಕೆ ಮುಂಚೆ ನೀನೇ ಬರಿ." ಬರೆದೆ. ಕೈಗೆ ಬರುವುದು 92,000, ಮನೆ ಸಾಲದ ಕಂತು 38,000, ಊರಿಗೆ ಕಳಿಸುವುದು 25,000, ಚಿನ್ನದ ಸಾಲದ ರಸೀದಿ ಇಲ್ಲಿದೆ.

ಅರ್ಜಿ ಅಪ್ಪನದು, ಹಾಗಾಗಿ ಸಹಿ ಅವರದೇ ಆಗಬೇಕು. ಡಿಸೆಂಬರ್ ಮೊದಲ ವಾರ ಊರಿಗೆ ಹೋಗಿ ಅವರ ಮುಂದೆ ಕೂತು ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪನಿಗೆ ಎಲ್ಲ ಅರ್ಥ ಆಗುತ್ತದೆ, ಮಾತು ಮಾತ್ರ ಒಂದೋ ಎರಡೋ. 'ಮಗನ ಮದುವೆಯ ಖರ್ಚಿನಿಂದ' ಅನ್ನುವ ಸಾಲಿಗೆ ಬಂದಾಗ ಅವರು ಎಡಗೈ ಎತ್ತಿ "ಬ್ಯಾಡ" ಅಂದರು. ಎರಡು ಸಲ ಅಂದರು. ನಾನು ಕಾಗದ ಕೆಳಗಿಟ್ಟೆ. ನಿಜ ಬರೆಯದೇ ಇದ್ದರೆ ಉಳಿದದ್ದೂ ನಿಲ್ಲುವುದಿಲ್ಲ ಅಪ್ಪಾಜಿ ಅಂದೆ. ಅವರು ಕಿಟಕಿ ಕಡೆ ನೋಡುತ್ತಾ ಕೂತರು. ಅಮ್ಮ ಕಾಫಿ ತಂದಿಟ್ಟದ್ದು ಆರಿತು. ಆಮೇಲೆ ಅವರೇ ಇಂಕ್ ಪ್ಯಾಡ್ ಕಡೆ ಹೆಬ್ಬೆರಳು ಚಾಚಿದರು. ಇಬ್ಬರು ನೆರೆಯವರು ಸಾಕ್ಷಿ ಹಾಕಿದರು. ಅವರ ಪರವಾಗಿ ನಾನು ಹಾಜರಾಗಬಹುದು ಅನ್ನುವ ಅಧಿಕಾರ ಪತ್ರಕ್ಕೂ ಹೆಬ್ಬೆಟ್ಟು ಒತ್ತಿಸಿದೆವು. ಇಲಾಖೆಯ ಮುಂದೆ ಸಂಬಂಧಿಕರು ಪ್ರತಿನಿಧಿಯಾಗಿ ಹೋಗಲು ಕಾನೂನು ಬಿಡುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಅಥವಾ ವಕೀಲರೇ ಆಗಬೇಕೆಂದಿಲ್ಲ.

ಅರ್ಜಿ ಯಾರಿಗೆ ಅನ್ನುವುದೂ ಮುಖ್ಯ. ತೆರಿಗೆ ಹಾಕಿದ ಅಧಿಕಾರಿಗೆ ಈ ಬಡ್ಡಿ ಮನ್ನಾ ಮಾಡುವ ಅಧಿಕಾರ ಇಲ್ಲ. 2024ರ ನವೆಂಬರ್ 4ರ ಸಿಬಿಡಿಟಿ ಸುತ್ತೋಲೆಯಂತೆ 50 ಲಕ್ಷದವರೆಗಿನ ಬಡ್ಡಿಗೆ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ತೀರ್ಮಾನಿಸುತ್ತಾರೆ, ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ಮೇಲಿನವರು. ಅರ್ಜಿ ತಲುಪಿದ ತಿಂಗಳು ಮುಗಿದ ಮೇಲೆ ಹನ್ನೆರಡು ತಿಂಗಳೊಳಗೆ ಆದೇಶ ಆಗಬೇಕು. ಅರ್ಜಿದಾರರ ಮಾತು ಕೇಳದೆ ತಿರಸ್ಕರಿಸುವಂತಿಲ್ಲ. ನಾವು ಅರ್ಜಿಯನ್ನು ನಮ್ಮ ವ್ಯಾಪ್ತಿಯ ಪ್ರಿನ್ಸಿಪಲ್ ಕಮಿಷನರ್ ಕಚೇರಿಗೆ ಕೊಟ್ಟು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು.

ಜುಲೈನಲ್ಲಿ ಕರೆ ಬಂತು. ಅಧಿಕಾರಿ ಫೈಲನ್ನು ಪೂರ್ತಿ ಓದಿಕೊಂಡಿದ್ದರು. ಮದುವೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಇಷ್ಟು ದಿನ ನಿಮ್ಮ ತಂದೆಯ ಫೋನ್ ಯಾರ ಹತ್ರ ಇತ್ತು?"

ಅಮ್ಮನ ಹತ್ತಿರ. ಅಮ್ಮ ಅದರಲ್ಲಿ ಕರೆ ಮಾತ್ರ ತೆಗೆಯುತ್ತಿದ್ದರು. ಮೆಸೇಜು ಬಂದರೆ ಎಲ್ಲ ಕಂಪನಿಯವರದ್ದು ಅಂತ ಬಿಡುತ್ತಿದ್ದರು. ಹಾಗೇ ಹೇಳಿದೆ.

ಎರಡನೇ ಪ್ರಶ್ನೆಗೆ ಅವರು ಪಾಸ್‌ಬುಕ್ ಪುಟ ತೆರೆದರು. 2023ರ ಫೆಬ್ರುವರಿಯಿಂದ ಅಪ್ಪನ ಖಾತೆಯಿಂದ ಹಣ ತೆಗೆದದ್ದೇ ಇಲ್ಲ. 2024ರ ಏಪ್ರಿಲ್ ಮೊದಲ ವಾರದಿಂದ ತಿಂಗಳಿಗೊಮ್ಮೆ ತೆಗೆದಿದೆ. "ಇದು ಹೇಗೆ?" ಬ್ಯಾಂಕಿನವರು ಮನೆಗೆ ಬಂದು ಹೆಬ್ಬೆಟ್ಟು ನೋಂದಾಯಿಸಿಕೊಂಡು ಹೋಗಿದ್ದರು ಮೇಡಂ ಅಂದೆ. "ಅಂದ್ರೆ ಏಪ್ರಿಲ್‌ನಿಂದ ಅವರ ವ್ಯವಹಾರ ನೀವು ಮನೆಯವರು ನೋಡೋಕೆ ಶುರು ಮಾಡಿದ್ರಿ. ಬ್ಯಾಂಕ್ ನೆನಪಾಯ್ತು, ತೆರಿಗೆ ನೆನಪಾಗಲಿಲ್ಲ."

ಉತ್ತರ ಇರಲಿಲ್ಲ. "ಇಲ್ಲ ಮೇಡಂ, ನೆನಪಾಗಲಿಲ್ಲ," ಅಂದೆ. ಅವರು ಬರೆದುಕೊಂಡರು.

ಸೆಪ್ಟೆಂಬರ್‌ನಲ್ಲಿ ಆದೇಶ ಬಂತು. 2023ರ ಮಾರ್ಚ್ 2ರಿಂದ 2024ರ ಏಪ್ರಿಲ್ 1ರವರೆಗಿನ ಹದಿಮೂರು ತಿಂಗಳ ಬಡ್ಡಿ 45,799 ರೂಪಾಯಿ ಮನ್ನಾ. ವೈದ್ಯರ ಪತ್ರ, ತೆರಿಗೆಯನ್ನು ತಡಮಾಡದೆ ಕಟ್ಟಿದ್ದು, ಮೊದಲ ಎರಡು ತಿಂಗಳನ್ನು ತಾವೇ ಒಪ್ಪಿಕೊಂಡದ್ದು, ಮೂರನ್ನೂ ಆದೇಶದಲ್ಲಿ ಹೆಸರಿಸಿದ್ದರು. ಏಪ್ರಿಲ್ ನಂತರದ ಏಳು ತಿಂಗಳು ಕೈಮೀರಿದ ಕಾರಣ ಇತ್ತು ಅಂತ ಹೇಳಲಾಗದು. ಆ 24,661 ಕಟ್ಟಬೇಕು. ನಾನೇ ಕೊಟ್ಟ ಪಾಸ್‌ಬುಕ್ಕೇ ನನ್ನ ವಿರುದ್ಧ ಸಾಕ್ಷಿ ಹೇಳಿತ್ತು. ಅದನ್ನು ಲಗತ್ತಿಸದಿದ್ದರೆ ಅಂತ ಒಂದು ರಾತ್ರಿ ಯೋಚಿಸಿದ್ದು ನಿಜ. ಆದರೆ ಅದಿಲ್ಲದೆ ಸಂಕಷ್ಟದ ಉತ್ತರವೇ ನಿಲ್ಲುತ್ತಿರಲಿಲ್ಲ.

ಅಂಕಲ್‌ಗೆ ಫೋನ್ ಮಾಡಿದಾಗ, "ಸರಿಯಾಗೇ ಇದೆ ಆರ್ಡರು," ಅಂದರು. ಆಮೇಲೆ ಒಂದು ಎಚ್ಚರಿಕೆ: 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಕಲಂಗಳ ಸಂಖ್ಯೆ ಬದಲಾಗುತ್ತವೆ, ಮುಂದೆ ಯಾರಾದರೂ ಕೇಳಿದರೆ ಹಳೇ ಸಂಖ್ಯೆ ಹೇಳಿ ದಾರಿ ತಪ್ಪಿಸಬೇಡ.

ಈ ಸಲವೂ ಆಯುಧಪೂಜೆಗೆ ಅಂಗಡಿ ಬಾಗಿಲು ತೆಗೆದೆವು. ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆತಂದು ಗಲ್ಲಾದ ಹಿಂದೆ ಕೂರಿಸಿದೆವು. ಪೋರ್ಟಲ್‌ನಲ್ಲಿ ಈಗ ಇಮೇಲ್ ನನ್ನದು. ಅದನ್ನು ಅವರಿಗೆ ತೋರಿಸಿದೆ. ಅವರು ಎಡಗೈಯಿಂದ ಕೆಳಗಿನ ಡ್ರಾಯರ್ ಎಳೆದರು, ಖಾಲಿ ಇತ್ತು. ಒಂದು ಕ್ಷಣ ನೋಡಿ ತಳ್ಳಿದರು. ಆಮೇಲೆ ನನ್ನ ಹೆಂಡತಿಯ ಕೈ ನೋಡಿ, "ಬಳೆ?" ಅಂದರು.

ಇನ್ನು ನಾಲ್ಕು ಕಂತು ಅಪ್ಪಾಜಿ ಅಂದೆ. ಈ ಸಲ ಅವರಿಂದ ಏನನ್ನೂ ಮುಚ್ಚಿಡಲಿಲ್ಲ.